ಇಬ್ಬರು ಬರೆಯುವ ಪುಸ್ತಕ, ಇಬ್ಬರೂ ಸಹಿ ಹಾಕುವ ಕರಾರು

‘ಇಂಡಿಯಾ ವಿನ್ಸ್ ಫ್ರೀಡಂ’ ಪುಸ್ತಕದ ಲೇಖಕರು ಯಾರು ಎಂದು ಕೇಳಿದರೆ ಮೌಲಾನಾ ಅಬುಲ್ ಕಲಾಂ ಆಜಾದ್ ಎಂದೇ ಎಲ್ಲರೂ ಹೇಳುತ್ತಾರೆ. ಅದು ಆಜಾದರ ಬದುಕು, ಆಜಾದರ ವಿಚಾರ. ಆದರೆ ಅದರ ಇಂಗ್ಲಿಷ್ ವಾಕ್ಯಗಳು ಹುಮಾಯೂನ್ ಕಬೀರರವು. ಸಂಜೆ ಹೊತ್ತು ಆಜಾದರು ಉರ್ದುವಿನಲ್ಲಿ ಹೇಳುತ್ತಿದ್ದರು, ಕಬೀರರು ಟಿಪ್ಪಣಿ ಮಾಡಿಕೊಂಡು ಇಂಗ್ಲಿಷಿನಲ್ಲಿ ಕರಡು ಬರೆಯುತ್ತಿದ್ದರು. ಒಂದೊಂದು ಅಧ್ಯಾಯವನ್ನೂ ಆಜಾದರು ಓದಿ, ಸೇರಿಸುವುದನ್ನು ಸೇರಿಸಿ, ತೆಗೆಯುವುದನ್ನು ತೆಗೆಯುತ್ತಿದ್ದರು. ಎರಡು ವರ್ಷಕ್ಕೂ ಹೆಚ್ಚು ಕಾಲ ಈ ಕೆಲಸ ನಡೆಯಿತು. ಸುಮಾರು 30 ಪುಟಗಳನ್ನು ಸದ್ಯಕ್ಕೆ ಅಚ್ಚು ಮಾಡುವುದು ಬೇಡವೆಂದು ತೀರ್ಮಾನವಾಗಿ, ಅವುಗಳ ಪ್ರತಿಗಳನ್ನು ಮೊಹರು ಹಾಕಿ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯದಲ್ಲೂ ದಿಲ್ಲಿಯ ರಾಷ್ಟ್ರೀಯ ಪತ್ರಾಗಾರದಲ್ಲೂ ಇಡಲಾಯಿತು. ಆಜಾದರು 1958ರ ಫೆಬ್ರವರಿ 22ರಂದು ತೀರಿಕೊಂಡರು. ಪುಸ್ತಕ ಬಂದದ್ದು 1959ರಲ್ಲಿ. ಕಬೀರರು 1969ರಲ್ಲಿ ಹೋದರು.

ಮೂವತ್ತು ವರ್ಷ ತುಂಬಿ ಮೊಹರು ಒಡೆಯುವ ಕಾಲ ಬಂದಾಗ, ಅಂದರೆ 1988ರಲ್ಲಿ, ಆಜಾದರ ಸಂಬಂಧಿ ನಜ್ಮಾ ಹೆಪ್ತುಲ್ಲಾ ಅವರು ಪ್ರಕಾಶಕರಾದ ಓರಿಯಂಟ್ ಲಾಂಗ್‌ಮನ್ ವಿರುದ್ಧ ದಿಲ್ಲಿ ಹೈಕೋರ್ಟಿಗೆ ಹೋದರು. ಪುಸ್ತಕ ಆಜಾದರೊಬ್ಬರದೇ, ಕಬೀರರು ಬರೆದುಕೊಂಡವರು ಮಾತ್ರ ಎಂಬುದು ವಾದ. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ವಿಷಯ ಒಬ್ಬರದು, ಭಾಷೆ ಇನ್ನೊಬ್ಬರದು, ಇಬ್ಬರೂ ಒಟ್ಟಿಗೆ ಕೂತು ಒಂದೊಂದು ಅಧ್ಯಾಯವನ್ನೂ ತಿದ್ದಿದ್ದಾರೆ, ಆದ್ದರಿಂದ ಇಬ್ಬರೂ ಸಹಲೇಖಕರೇ ಎಂದಿತು. ಪೂರ್ಣ ಪ್ರತಿ ಅದೇ ವರ್ಷ ಹೊರಬಂತು. ಗಮನಿಸಬೇಕಾದ್ದು ಇಷ್ಟು: ಈ ಪ್ರಶ್ನೆಗೆ ಉತ್ತರ ಹೇಳಬಲ್ಲವರು ಇಬ್ಬರೇ, ತೀರ್ಪಿನ ಹೊತ್ತಿಗೆ ಆ ಇಬ್ಬರೂ ಇರಲಿಲ್ಲ. ಮುನ್ನುಡಿಯ ಸಾಲುಗಳಿಂದಲೂ ಹಳೆಯ ಕಾಗದಪತ್ರಗಳಿಂದಲೂ ನ್ಯಾಯಾಧೀಶರು ಉತ್ತರ ಹುಡುಕಬೇಕಾಯಿತು.

ಕನ್ನಡದಲ್ಲಿ ಇಂಥ ಜೋಡಿ ಕೆಲಸ ಬೇಕಾದಷ್ಟು ನಡೆಯುತ್ತದೆ. ವಿಷಯ ಬಲ್ಲವರೊಬ್ಬರು, ಬರೆಯಬಲ್ಲವರೊಬ್ಬರು. ಕೃಷಿ, ಕಾನೂನು, ಆರೋಗ್ಯ, ಅಡುಗೆ, ರಂಗಭೂಮಿ ಕಲಾವಿದರ ಆತ್ಮಕಥೆ, ಯಾವುದೇ ಇರಲಿ, ಗೆಳೆತನದ ಮೇಲೆಯೇ ಶುರುವಾಗುತ್ತದೆ. ‘ನಮ್ಮಿಬ್ಬರಲ್ಲಿ ಕಾಗದಪತ್ರ ಯಾಕೆ’ ಎಂಬ ಮಾತೂ ಬರುತ್ತದೆ. ಕಾಗದ ಬೇಕು ಎನ್ನುವುದು ಈ ಲೇಖನದ ನಿಲುವು. ಏಕೆ ಬೇಕು, ಅದರಲ್ಲಿ ಏನಿರಬೇಕು ಎನ್ನುವುದಕ್ಕೆ ಒಂದು ಜೋಡಿಯನ್ನು ಕಲ್ಪಿಸಿಕೊಳ್ಳೋಣ. ಒಬ್ಬರು ಮಕ್ಕಳ ವೈದ್ಯೆ, ಇನ್ನೊಬ್ಬರು ಪತ್ರಕರ್ತೆ. ಕಾಲೇಜಿನ ಗೆಳತಿಯರು. ಮಕ್ಕಳ ಜ್ವರದ ಬಗ್ಗೆ ತಾಯಂದಿರಿಗೆ ಅರ್ಥವಾಗುವಂಥ ಹನ್ನೆರಡು ಅಧ್ಯಾಯಗಳ ಪುಸ್ತಕವೊಂದನ್ನು ಇಬ್ಬರೂ ಸೇರಿ ಬರೆಯಲು ಹೊರಟಿದ್ದಾರೆ.

ಕರಾರಿನ ಮೊದಲ ಪ್ರಶ್ನೆ ದುಡ್ಡಿನದಲ್ಲ, ಪುಸ್ತಕ ಯಾವ ಬಗೆಯದು ಎಂಬುದು. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಒಬ್ಬರ ಕೊಡುಗೆಯನ್ನು ಇನ್ನೊಬ್ಬರ ಕೊಡುಗೆಯಿಂದ ಬೇರ್ಪಡಿಸಿ ತೋರಿಸಲಾಗದ ಹಾಗೆ ಸೇರಿ ಬರೆದರೆ ಮಾತ್ರ ಅದು ಜಂಟಿ ಕೃತಿ. ವೈದ್ಯೆ ಆರು ಅಧ್ಯಾಯ, ಪತ್ರಕರ್ತೆ ಆರು ಅಧ್ಯಾಯ ಎಂದು ಹಂಚಿಕೊಂಡು ಬರೆದರೆ, ಒಂದೇ ರಟ್ಟಿನೊಳಗೆ ಇದ್ದರೂ, ಅವರವರ ಅಧ್ಯಾಯ ಅವರವರ ಸ್ವತ್ತು ಎಂದು ವಾದಿಸಲು ದಾರಿಯಿದೆ. ನಾಳೆ ಮನಸ್ತಾಪ ಬಂದು ಒಬ್ಬರು ತಮ್ಮ ಆರನ್ನು ತೆಗೆದುಕೊಂಡು ಹೊರಟರೆ ಪುಸ್ತಕವೇ ಉಳಿಯುವುದಿಲ್ಲ. ವೈದ್ಯೆಯ ಕರಡನ್ನು ಪತ್ರಕರ್ತೆ ತಿದ್ದಿ ಬರೆದು, ಅದನ್ನು ಮತ್ತೆ ವೈದ್ಯೆ ಸರಿಪಡಿಸಿದರೆ ಅದು ನಿಜವಾದ ಜಂಟಿ ಕೃತಿ. ಬರೀ ಐಡಿಯಾ ಕೊಟ್ಟವರು ಈ ಎರಡರಲ್ಲೂ ಬರುವುದಿಲ್ಲ. ಕಲ್ಪನೆಗೆ, ಕಥಾವಸ್ತುವಿಗೆ ಕೃತಿಸ್ವಾಮ್ಯವಿಲ್ಲ ಎಂದು ಸುಪ್ರೀಂ ಕೋರ್ಟು 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲೇ ಹೇಳಿದೆ. ‘ಪುಸ್ತಕದ ಯೋಚನೆ ನನ್ನದು’ ಎಂಬ ಮಾತಿಗೆ ಗೆಳೆತನದಲ್ಲಿ ಬೆಲೆಯಿದ್ದೀತು, ಕಾನೂನಿನಲ್ಲಿ ಇಲ್ಲ.

ಈ ವ್ಯತ್ಯಾಸದ ಪರಿಣಾಮ ದೂರದವರೆಗೆ ಹೋಗುತ್ತದೆ. ಜಂಟಿ ಕೃತಿಯ ಕೃತಿಸ್ವಾಮ್ಯ, ಇಬ್ಬರಲ್ಲಿ ಕೊನೆಗೆ ತೀರಿಕೊಂಡವರ ನಂತರ 60 ವರ್ಷ ಇರುತ್ತದೆ. ಅಷ್ಟು ದಿನ ಅದು ಇಬ್ಬರ ಮಕ್ಕಳು, ಮೊಮ್ಮಕ್ಕಳ ಕೈಯಲ್ಲಿ. ಅಲ್ಲದೆ ಜಂಟಿ ಒಡೆಯರಲ್ಲಿ ಒಬ್ಬರು ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಬೇರೆಯವರಿಗೆ ಪರವಾನಗಿ ಕೊಡುವಂತಿಲ್ಲ. ಬಾಂಬೆ ಹೈಕೋರ್ಟು 2008ರಲ್ಲಿ ಒಂದು ಸಿನಿಮಾ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಅಮೆರಿಕದ ಕಾನೂನು ಇದಕ್ಕೆ ವಿರುದ್ಧ: ಅಲ್ಲಿ ಜಂಟಿ ಒಡೆಯರಲ್ಲಿ ಯಾರೊಬ್ಬರೂ ಸಾಮಾನ್ಯ ಪರವಾನಗಿ ಕೊಡಬಹುದು, ಬಂದ ಹಣದಲ್ಲಿ ಪಾಲು ಕೊಟ್ಟರೆ ಸಾಕು. ಅಲ್ಲಿರುವ ಕನ್ನಡಿಗರು ಇಲ್ಲಿನ ಗೆಳೆಯರೊಡನೆ ಸೇರಿ ಬರೆಯುವಾಗ ಇದನ್ನು ಮರೆಯಬಾರದು. ಅಂಥ ಕರಾರಿನಲ್ಲಿ ಯಾವ ದೇಶದ ಕಾನೂನು ಅನ್ವಯವಾಗಬೇಕು ಎಂಬ ಒಂದು ಸಾಲು ಇರಲೇಬೇಕು.

ಆದ್ದರಿಂದ ನಮ್ಮ ಗೆಳತಿಯರ ಕರಾರಿನ ಮೊದಲ ಕಲಮು ಹೀಗಿರಬಹುದು: ‘ಈ ಪುಸ್ತಕ ಇಬ್ಬರ ಜಂಟಿ ಕೃತಿ. ಕೃತಿಸ್ವಾಮ್ಯ ಇಬ್ಬರಿಗೂ ಸಮನಾಗಿ ಸೇರಿದ್ದು. ಪ್ರಕಾಶಕರೊಂದಿಗಾಗಲಿ, ಅನುವಾದಕರೊಂದಿಗಾಗಲಿ, ಬೇರೆ ಯಾರೊಂದಿಗಾಗಲಿ ಇಬ್ಬರೂ ಸಹಿ ಹಾಕದ ಒಪ್ಪಂದಕ್ಕೆ ಬೆಲೆಯಿಲ್ಲ.’ ಇದಕ್ಕೆ ವಕೀಲರ ಭಾಷೆ ಬೇಕಿಲ್ಲ. ಇಬ್ಬರಿಗೂ ಓದಿದೊಡನೆ ಒಂದೇ ಅರ್ಥ ಹೊಳೆದರೆ ಸಾಕು.

ಇನ್ನು ಕೆಲಸದ ಹಂಚಿಕೆ. ಹೆಚ್ಚಿನ ಜೋಡಿಗಳು ಮುರಿಯುವುದು ಇಲ್ಲಿ. ಬರವಣಿಗೆ ಎಂದರೆ ಬರೆಯುವುದು ಮಾತ್ರ ಎಂದು ಇಬ್ಬರೂ ಅಂದುಕೊಂಡಿರುತ್ತಾರೆ. ಕರಡು ತೆಗೆಯುವುದು, ತಿದ್ದಿ ಬರೆಯುವುದು ಲೆಕ್ಕಕ್ಕೆ ಬರುತ್ತದೆ. ಟೈಪು ಮಾಡುವುದು, ನುಡಿಯಲ್ಲಿದ್ದ ಕಡತವನ್ನು ಯೂನಿಕೋಡಿಗೆ ಬದಲಿಸಿದಾಗ ಕೆಟ್ಟುಹೋದ ಒತ್ತಕ್ಷರ ಸರಿಮಾಡುವುದು, ಚಿತ್ರಗಳಿಗೆ ಅನುಮತಿ ತರುವುದು, ಎರಡು ಮೂರು ಸುತ್ತು ಪ್ರೂಫ್ ನೋಡುವುದು, ಪ್ರಕಾಶಕರಿಗೆ ಫೋನು ಮಾಡುವುದು, ಇವು ಯಾರ ಲೆಕ್ಕಕ್ಕೂ ಬರುವುದಿಲ್ಲ. ಕೊನೆಗೆ ಇವಿಷ್ಟೂ ಒಬ್ಬರ ತಲೆಯ ಮೇಲೆಯೇ ಬೀಳುತ್ತವೆ. ಆಗ ಅವರು ಸುಮ್ಮನಿರುತ್ತಾರೆ, ಪುಸ್ತಕ ಬಿಡುಗಡೆಯಾದ ಮೇಲೆ ಮಾತು ಬಿಡುತ್ತಾರೆ.

ನಮ್ಮ ಗೆಳತಿಯರು ಇಡೀ ಕೆಲಸವನ್ನು ನೂರು ಅಂಕ ಎಂದು ಇಟ್ಟುಕೊಳ್ಳುತ್ತಾರೆ. ಒಂದು ಅಧ್ಯಾಯದ ವೈದ್ಯಕೀಯ ಕರಡಿಗೆ 4 ಅಂಕ, ಹನ್ನೆರಡಕ್ಕೆ 48. ಅದನ್ನು ಓದುಗರ ಭಾಷೆಗೆ ತಿದ್ದಿ ಬರೆಯಲು ಅಧ್ಯಾಯಕ್ಕೆ 3 ಅಂಕ, ಒಟ್ಟು 36. ಪ್ರೂಫ್, ಚಿತ್ರ, ಪದಸೂಚಿಗೆ 10. ಪ್ರಕಾಶಕರೊಂದಿಗಿನ ಓಡಾಟಕ್ಕೆ 6. ಕರಡು ವೈದ್ಯೆಯದು, ತಿದ್ದುವುದು ಮತ್ತು ಓಡಾಟ ಪತ್ರಕರ್ತೆಯದು, ಪ್ರೂಫಿನ ಹತ್ತರಲ್ಲಿ ಅರ್ಧರ್ಧ. ಅಲ್ಲಿಗೆ ವೈದ್ಯೆಗೆ 53, ಪತ್ರಕರ್ತೆಗೆ 47. ಹೀಗಿದ್ದೂ ರಾಯಧನವನ್ನು ಅವರು ಅರ್ಧರ್ಧ ಎಂದೇ ಬರೆದುಕೊಳ್ಳುತ್ತಾರೆ. ಇದು ಸರಿಯಾದ ದಾರಿ ಎಂದು ನನ್ನ ಅಭಿಪ್ರಾಯ. ಇಬ್ಬರೂ ಕೊನೆಯವರೆಗೆ ಕೆಲಸ ಮಾಡಿದ ಮೇಲೆ 53ಕ್ಕೆ 47 ಎಂದು ತೂಗುತ್ತ ಕೂತರೆ ಪ್ರತಿ ಫೋನ್ ಕರೆಗೂ ಲೆಕ್ಕ ಬರೆಯಬೇಕಾಗುತ್ತದೆ. ಅಂಕಗಳು ಬೇಕಾಗುವುದು ಒಬ್ಬರು ಅರ್ಧಕ್ಕೆ ಬಿಟ್ಟಾಗ ಮಾತ್ರ.

ಅರ್ಧಕ್ಕೆ ಬಿಡುವುದು ದುರುದ್ದೇಶದಿಂದಲೇ ಆಗಬೇಕಿಲ್ಲ. ವರ್ಗಾವಣೆ, ಹೆರಿಗೆ, ತಂದೆತಾಯಿಯ ಕಾಯಿಲೆ, ಯಾವುದಾದರೂ ಇರಬಹುದು. ಏಳು ಅಧ್ಯಾಯ ತಿದ್ದಿದ ಮೇಲೆ ಪತ್ರಕರ್ತೆಗೆ ಮುಂದುವರಿಸಲು ಆಗಲಿಲ್ಲ ಎನ್ನೋಣ. ಕರಾರು ಇಲ್ಲದಿದ್ದರೆ ಹಸ್ತಪ್ರತಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಜಂಟಿ ಕೃತಿಯಾದ್ದರಿಂದ ವೈದ್ಯೆ ಒಬ್ಬರೇ ಅದನ್ನು ಪ್ರಕಟಿಸುವಂತಿಲ್ಲ, ಬಿಟ್ಟುಹೋದವರನ್ನು ಕೇಳಲು ಮುಜುಗರ, ಕೇಳಿದರೂ ಏನು ಕೊಡಬೇಕೆಂದು ಗೊತ್ತಿಲ್ಲ. ಇಂಥ ಎಷ್ಟೋ ಹಸ್ತಪ್ರತಿಗಳು ಪೆಟ್ಟಿಗೆಯಲ್ಲೇ ಉಳಿದುಹೋಗುತ್ತವೆ.

ಕರಾರು ಇದ್ದರೆ ಹೀಗಾಗುತ್ತದೆ. ಕರಡು ಸಿಕ್ಕ 21 ದಿನದೊಳಗೆ ತಿದ್ದಿದ ಪ್ರತಿ ವಾಪಸು ಬರಬೇಕೆಂದು ಮೊದಲೇ ಬರೆದಿದೆ. ಬರಲಿಲ್ಲ. ವೈದ್ಯೆ ಒಂದು ಇ-ಮೇಲ್ ಕಳಿಸುತ್ತಾರೆ, ಅಲ್ಲಿಂದ 30 ದಿನ ಗಡುವು. ಅದೂ ಮೀರಿದರೆ ಪತ್ರಕರ್ತೆ ಹೊರನಡೆದಂತೆ ಲೆಕ್ಕ, ಅದರಲ್ಲಿ ಯಾರ ತಪ್ಪೂ ಇಲ್ಲ. ಆಕೆ ಗಳಿಸಿದ್ದು ಏಳು ಅಧ್ಯಾಯಕ್ಕೆ ಮೂರರಂತೆ 21 ಅಂಕ. ಪುಸ್ತಕ ಬಂದರೆ ಲೇಖಕರ ಪಾಲಿನ ಹಣದಲ್ಲಿ ನೂರಕ್ಕೆ 21 ಆಕೆಗೆ. ಉಳಿದ ಐದು ಅಧ್ಯಾಯಗಳನ್ನು ವೈದ್ಯೆ ತಾವೇ ತಿದ್ದಬಹುದು, ಇಲ್ಲವೇ ಬೇರೊಬ್ಬರಿಂದ ತಿದ್ದಿಸಬಹುದು. ಅವರಿಗೆ ಕೊಡುವ ಪಾಲು ವೈದ್ಯೆಯ 79ರಿಂದ. ಪತ್ರಕರ್ತೆ ತಿದ್ದಿದ ಏಳು ಅಧ್ಯಾಯಗಳನ್ನು ಬಳಸಲು ಅನುಮತಿ ಕರಾರಿನಲ್ಲೇ ಇದೆ. ಹೆಸರು ಮಾತ್ರ ಆಕೆಯ ಇಚ್ಛೆ: ಲೇಖಕಿಯಾಗಿಯೇ ಉಳಿಯಬಹುದು, ‘ಸಹಕಾರ’ ಎಂದು ಹಾಕಿಸಿಕೊಳ್ಳಬಹುದು, ಬೇಡವೆಂದೂ ಹೇಳಬಹುದು. ಇದನ್ನೆಲ್ಲ ಜಗಳದ ನಡುವೆ ಕೂತು ತೀರ್ಮಾನಿಸಲು ಸಾಧ್ಯವೇ ಇಲ್ಲ. ಮೊದಲ ಅಧ್ಯಾಯಕ್ಕೂ ಮುಂಚೆ, ಇಬ್ಬರ ಮನಸ್ಸೂ ಚೆನ್ನಾಗಿರುವಾಗ, ಅರ್ಧ ತಾಸಿನ ಕೆಲಸ.

ಗಡುವು ಮೀರುವ ಮುನ್ನ ಸೂಚನೆಯೂ ಸಿಗುತ್ತದೆ. ಇಬ್ಬರೂ ಒಂದೇ ಕಡತದಲ್ಲಿ ಕೆಲಸ ಮಾಡುತ್ತಿದ್ದರೆ, ಯಾರು ಯಾವ ದಿನ ಏನು ಬದಲಿಸಿದರು ಎಂಬ ದಾಖಲೆ ಗೂಗಲ್ ಡಾಕ್ಸ್‌ನಂಥ ಕಡೆ ತಾನಾಗಿ ಉಳಿಯುತ್ತದೆ. ಒಬ್ಬರ ಹೆಸರು ಒಂದು ತಿಂಗಳಿಂದ ಅಲ್ಲಿ ಕಾಣದಿದ್ದರೆ ಮಾತನಾಡುವ ಹೊತ್ತು ಬಂದಿದೆ ಎಂದರ್ಥ. ವಾಟ್ಸಾಪಿನಲ್ಲಿ ಕಡತಗಳನ್ನು ಅತ್ತಿತ್ತ ಕಳಿಸಿಕೊಂಡರೆ ಯಾವುದು ಕೊನೆಯ ಪ್ರತಿ ಎಂಬುದೇ ತಿಳಿಯದೆ ಹಳೆಯ ಪ್ರತಿ ಅಚ್ಚಿಗೆ ಹೋಗುವ ಅಪಾಯವೂ ಇದೆ.

ಹೆಸರಿನ ವಿಚಾರ ಚಿಕ್ಕದು, ಆದರೆ ಬಿಟ್ಟರೆ ಬಹಳ ನೋಯಿಸುತ್ತದೆ. ಮುಖಪುಟದಲ್ಲಿ ಯಾರ ಹೆಸರು ಮೊದಲು, ಎರಡೂ ಒಂದೇ ಗಾತ್ರವೇ ಎಂದು ಬರೆಯಿರಿ. ಅಕ್ಷರಾನುಕ್ರಮ ಎಂದರೆ ಮಾತೇ ಬೆಳೆಯುವುದಿಲ್ಲ. ಮುಖಪುಟ ಸರಿಯಿದ್ದು ಬೆನ್ನಿನ ಮೇಲೆ ಒಂದೇ ಹೆಸರು ಬರುವುದುಂಟು, ಬಿಡುಗಡೆಯ ಆಹ್ವಾನ ಪತ್ರಿಕೆಯಲ್ಲಿ ಹೆಚ್ಚು ಹೆಸರಾದವರೇ ಲೇಖಕರಾಗುವುದುಂಟು. ಆದ್ದರಿಂದ ಮುಖಪುಟ, ಬೆನ್ನು, ಒಳಪುಟ, ಕೃತಿಸ್ವಾಮ್ಯದ ಸಾಲು, ಐಎಸ್‌ಬಿಎನ್ ಅರ್ಜಿ, ಆಹ್ವಾನ ಪತ್ರಿಕೆ ಎಂದು ಜಾಗಗಳನ್ನು ಹೆಸರಿಸುವುದು ಒಳ್ಳೆಯದು. ಕನ್ನಡದ ಆತ್ಮಕಥೆಗಳಲ್ಲಿ ಬರೆದವರಿಗೆ ‘ನಿರೂಪಣೆ’ ಎಂದು ಹಾಕುವ ರೂಢಿಯಿದೆ. ಅದರ ಜೊತೆಗೆ ಕೃತಿಸ್ವಾಮ್ಯದಲ್ಲಿ ಪಾಲಿದೆಯೋ ಇಲ್ಲವೋ ಎಂಬುದು ಆ ಪದದಿಂದ ತಿಳಿಯುವುದಿಲ್ಲ, ಕರಾರಿನಲ್ಲಿ ಬರೆದರೆ ಮಾತ್ರ ತಿಳಿಯುತ್ತದೆ. ಹಕ್ಕನ್ನೆಲ್ಲ ಮಾರಿಬಿಟ್ಟ ಲೇಖಕರಿಗೂ ‘ಇದು ನನ್ನ ಕೃತಿ’ ಎಂದು ಹೇಳಿಕೊಳ್ಳುವ ಹಕ್ಕು ಕಾಯ್ದೆಯ 57ನೇ ಕಲಮಿನಲ್ಲಿ ಉಳಿದಿರುತ್ತದೆ.

ದುಡ್ಡಿಗೆ ಬರೋಣ. ಕನ್ನಡ ಪುಸ್ತಕಗಳಿಗೆ ಮುಖಬೆಲೆಯ ಶೇ 10 ರಾಯಧನ ಸಾಮಾನ್ಯ. ಪುಸ್ತಕದ ಬೆಲೆ 250 ರೂಪಾಯಿ, ಅಚ್ಚಾದದ್ದು ಸಾವಿರ ಪ್ರತಿ ಎನ್ನಿ. ಒಂದು ಪ್ರತಿಗೆ 25 ರೂಪಾಯಿ. ಮೊದಲ ವರ್ಷ 600 ಪ್ರತಿ ಹೋದರೆ 15,000. ಚಿತ್ರ ಬರೆದವರಿಗೆ, ಓಡಾಟಕ್ಕೆ ಎಂದು ಗೆಳತಿಯರು ಕೈಯಿಂದ 7,000 ಖರ್ಚು ಮಾಡಿದ್ದಾರೆ. ಅದನ್ನು ಮೊದಲು ಖರ್ಚು ಮಾಡಿದವರಿಗೆ ಕೊಟ್ಟು ಉಳಿದದ್ದು 8,000, ತಲಾ 4,000. ಹಂಚಿಕೊಳ್ಳುವ ಮೊತ್ತ ಇಷ್ಟೇ ಎಂಬುದನ್ನು ಮೊದಲೇ ಕಾಗದದ ಮೇಲೆ ಕಂಡರೆ ಎಷ್ಟೋ ನಿರೀಕ್ಷೆಗಳು ಹದಕ್ಕೆ ಬರುತ್ತವೆ. ಸಾವಿರ ರೂಪಾಯಿ ಮೀರಿದ ಯಾವ ಖರ್ಚಿಗೂ ಮೊದಲು ಇನ್ನೊಬ್ಬರ ಒಪ್ಪಿಗೆ ಬೇಕು ಎಂಬ ಒಂದು ಸಾಲನ್ನೂ ಸೇರಿಸಿಕೊಳ್ಳಬೇಕು.

ರಾಯಧನಕ್ಕಿಂತ ಹೆಚ್ಚು ತೊಡಕು ಅದರ ಅಂಚಿನ ಹಣದಲ್ಲಿದೆ. ವೈದ್ಯೆ ತಮ್ಮ ಕ್ಲಿನಿಕ್ಕಿನಲ್ಲಿ ಮಾರಲು ಪ್ರಕಾಶಕರಿಂದ ರಿಯಾಯಿತಿ ದರದಲ್ಲಿ ಇನ್ನೂರು ಪ್ರತಿ ಕೊಳ್ಳುತ್ತಾರೆ. ಆ ರಿಯಾಯಿತಿಯ ಲಾಭ ಯಾರದು? ಮಾರುವ ಶ್ರಮ ಪಟ್ಟವರದು, ಆ ಪ್ರತಿಗಳ ಮೇಲಿನ ರಾಯಧನ ಮಾತ್ರ ಇಬ್ಬರದು ಎಂದು ಬರೆದುಕೊಳ್ಳುವುದು ನ್ಯಾಯ. ಭಾಷಣಕ್ಕೆ ಕೊಟ್ಟ ಗೌರವಧನ ಭಾಷಣ ಮಾಡಿದವರಿಗೆ, ಪುಸ್ತಕಕ್ಕೆ ಬಂದ ಬಹುಮಾನ ಇಬ್ಬರಿಗೂ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಾದರೆ ರಾಯಧನ ಮುಖಬೆಲೆಯ ಮೇಲೋ ಇಲಾಖೆ ಕೊಟ್ಟ ಬೆಲೆಯ ಮೇಲೋ ಎಂದು ಪ್ರಕಾಶಕರನ್ನು ಮೊದಲೇ ಕೇಳಿ. ಇಬ್ಬರ ಪಾಲನ್ನೂ ಅವರವರ ಖಾತೆಗೆ ಬೇರೆಬೇರೆಯಾಗಿಯೇ ಹಾಕಲು ಹೇಳಿ. ಒಬ್ಬರ ಖಾತೆಗೆ ಪೂರ್ತಿ ಹಣ ಬಂದರೆ ಆದಾಯ ತೆರಿಗೆಯ ಲೆಕ್ಕದಲ್ಲಿ ಅದು ಅವರೊಬ್ಬರದೇ ಆದಾಯವಾಗಿ ಕಾಣುತ್ತದೆ, ಗೆಳತಿಗೆ ಪಾಲು ಕಳಿಸುವುದು ಪ್ರತಿ ವರ್ಷ ನೆನಪಿಸಿಕೊಳ್ಳಬೇಕಾದ ಹೊರೆಯಾಗುತ್ತದೆ.

ಪ್ರಕಾಶಕರ ಒಪ್ಪಂದ ಬೇರೆಯೇ ಕಾಗದ. ಅದಕ್ಕೆ ಸಹಿ ಹಾಕುವ ಮೊದಲು ಹಕ್ಕು ಎಷ್ಟು ವರ್ಷಕ್ಕೆ, ಯಾವ ಪ್ರದೇಶಕ್ಕೆ ಎಂದು ನೋಡಬೇಕು. ಏನೂ ಬರೆದಿಲ್ಲದಿದ್ದರೆ ಕಾಯ್ದೆಯ ಪ್ರಕಾರ ಐದು ವರ್ಷಕ್ಕೆ, ಭಾರತದೊಳಗೆ ಮಾತ್ರ ಎಂದು ಲೆಕ್ಕ. ಆಡಿಯೊ, ಇ-ಪುಸ್ತಕ, ಅನುವಾದದ ಹಕ್ಕುಗಳನ್ನು ಹೆಸರಿಸಿ ಬರೆಸಿಕೊಳ್ಳುವುದು ಕ್ಷೇಮ.

ಭಿನ್ನಾಭಿಪ್ರಾಯ ಹೇಗೆ ಬರುತ್ತದೆ ಎಂಬುದಕ್ಕೆ ಈ ಪುಸ್ತಕದಿಂದಲೇ ಒಂದು ಉದಾಹರಣೆ. ಜ್ವರಕ್ಕೆ ಕೊಡುವ ಪ್ಯಾರಸಿಟಮಾಲ್ ಸಿರಪ್ಪಿನ ಬಗ್ಗೆ ಪತ್ರಕರ್ತೆ ‘ಒಂದು ಚಮಚ ಕೊಡಿ’ ಎಂದು ಸರಳವಾಗಿ ತಿದ್ದಿದ್ದಾರೆ. ತಾಯಂದಿರಿಗೆ ಅದು ಅರ್ಥವಾಗುತ್ತದೆ ಎಂಬುದು ಆಕೆಯ ವಾದ, ಅದೂ ಸುಳ್ಳಲ್ಲ. ವೈದ್ಯೆ ಒಪ್ಪುವುದಿಲ್ಲ. ಐದು ಎಂ.ಎಲ್.ನಲ್ಲಿ 120 ಮಿಲಿಗ್ರಾಂ ಇರುವ ಸಿರಪ್ಪೂ ಅಂಗಡಿಯಲ್ಲಿದೆ, 250 ಇರುವುದೂ ಇದೆ. ಒಂದೇ ಚಮಚದಲ್ಲಿ ಎರಡರಷ್ಟು ಔಷಧಿ ಹೋಗಬಹುದು. ಮಗುವಿನ ತೂಕ ನೋಡದೆ ಪ್ರಮಾಣ ಹೇಳುವಂತಿಲ್ಲ. ಇಬ್ಬರೂ ತಮ್ಮ ತಮ್ಮ ಕಸುಬಿನ ಪ್ರಕಾರ ಸರಿ, ಆದ್ದರಿಂದಲೇ ಇಬ್ಬರೂ ಬಗ್ಗುವುದಿಲ್ಲ.

ಇಂಥ ಹೊತ್ತಿಗೆ ಕರಾರಿನಲ್ಲಿ ಒಂದು ಸಾಲು ಇದ್ದರೆ ಮಾತು ಅಲ್ಲಿಗೆ ನಿಲ್ಲುತ್ತದೆ: ‘ವೈದ್ಯಕೀಯ ಸಂಗತಿಯಲ್ಲಿ ಮೊದಲನೆಯವರ ಮಾತು ಕೊನೆ. ಭಾಷೆ ಮತ್ತು ಶೈಲಿಯಲ್ಲಿ ಎರಡನೆಯವರ ಮಾತು ಕೊನೆ. ಶೀರ್ಷಿಕೆ, ಮುಖಪುಟ, ಪ್ರಕಾಶಕರ ಆಯ್ಕೆಗೆ ಇಬ್ಬರ ಒಪ್ಪಿಗೆಯೂ ಬೇಕು.’ ಪ್ರಮಾಣ ತೂಕದ ಲೆಕ್ಕದಲ್ಲೇ ಹೋಗುತ್ತದೆ. ಅದನ್ನು ಓದಲು ಸುಲಭವಾಗುವಂತೆ ಹೇಗೆ ಬರೆಯಬೇಕೆಂದು ಪತ್ರಕರ್ತೆ ನಿರ್ಧರಿಸುತ್ತಾರೆ. ಇದರ ಜೊತೆಗೇ ಹೊಣೆಯೂ ಹಂಚಿಹೋಗುತ್ತದೆ. ವೈದ್ಯಕೀಯ ತಪ್ಪಿಗೆ ವೈದ್ಯೆ ಹೊಣೆ, ಅನುಮತಿಯಿಲ್ಲದೆ ಬೇರೆಯವರ ಬರಹ ಎತ್ತಿಕೊಂಡಿದ್ದರೆ ಅದನ್ನು ತಂದವರು ಹೊಣೆ.

ಇಬ್ಬರ ಒಪ್ಪಿಗೆಯೂ ಬೇಕಾದ ಕಡೆ ಗಂಟು ಬಿದ್ದರೆ ಹದಿನೈದು ದಿನ ಕಾದು, ಇಬ್ಬರೂ ಗೌರವಿಸುವ ಹಿರಿಯ ಸಂಪಾದಕರೊಬ್ಬರ ಮುಂದೆ ಇಡುವುದು ಒಳ್ಳೆಯ ದಾರಿ. ಅವರ ಹೆಸರನ್ನು, ಅವರ ಒಪ್ಪಿಗೆ ಪಡೆದು, ಕರಾರಿನಲ್ಲೇ ಬರೆಯಬೇಕು. ಸಾವಿರ ಪ್ರತಿಯ ಪುಸ್ತಕಕ್ಕೆ 1996ರ ಮಧ್ಯಸ್ಥಿಕೆ ಕಾಯ್ದೆಯ ಪ್ರಕಾರ ಮಧ್ಯಸ್ಥಗಾರರನ್ನು ನೇಮಿಸುವ ಖರ್ಚು ರಾಯಧನವನ್ನೇ ಮೀರುತ್ತದೆ. ಸಂಪುಟಗಟ್ಟಲೆ ಬರುವ ಪಠ್ಯಪುಸ್ತಕದಂಥ ಕೆಲಸವಾದರೆ ಅದು ಬೇಕು, ಆಗ ವಕೀಲರ ಕೈಯಲ್ಲೇ ಬರೆಸಿ.

ಸಾವಿನ ಮಾತು ಎತ್ತಲು ಯಾರಿಗೂ ಮನಸ್ಸಿರುವುದಿಲ್ಲ. ಆದರೂ ಎರಡು ಸಾಲು ಬೇಕು. ಒಬ್ಬರು ಇಲ್ಲವಾದರೆ ಅವರ ಪಾಲಿನ ಹಣ ವಾರಸುದಾರರಿಗೆ ಹೋಗಲಿ, ಮುಂದಿನ ಆವೃತ್ತಿಯಲ್ಲಿ ಏನು ತಿದ್ದಬೇಕೆಂಬ ತೀರ್ಮಾನ ಬದುಕಿರುವ ಲೇಖಕರದಾಗಿರಲಿ. ಆರೋಗ್ಯದ ಪುಸ್ತಕದಲ್ಲಿ ಇದು ಬಹಳ ಮುಖ್ಯ. ಲಸಿಕೆಯ ವೇಳಾಪಟ್ಟಿ ಬದಲಾದಾಗ ಪುಸ್ತಕವೂ ಬದಲಾಗಬೇಕು, ಅದಕ್ಕೆ ವಾರಸುದಾರರ ಸಹಿಗಾಗಿ ಊರೂರು ಅಲೆಯುವಂತಾಗಬಾರದು.

ಇಷ್ಟೆಲ್ಲ ಸೇರಿದರೂ ಕರಾರು ಎರಡು ಮೂರು ಪುಟ ಮೀರುವುದಿಲ್ಲ. ಇ-ಸ್ಟಾಂಪ್ ಕಾಗದದ ಮೇಲೆ, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಮಾಡಿಸಿದರೆ ಉತ್ತಮ. ಬಿಳಿ ಹಾಳೆಯ ಮೇಲೆ ಬರೆದು ಸಹಿ ಹಾಕಿದರೂ ಒಪ್ಪಂದ ಒಪ್ಪಂದವೇ, ಆದರೆ ಕೋರ್ಟಿನಲ್ಲಿ ಹಾಜರುಪಡಿಸುವಾಗ ಸ್ಟಾಂಪಿನ ಬಾಕಿಯನ್ನು ದಂಡದೊಂದಿಗೆ ಕಟ್ಟಬೇಕಾಗುತ್ತದೆ. ಒಬ್ಬೊಬ್ಬರ ಹತ್ತಿರ ಒಂದೊಂದು ಮೂಲಪ್ರತಿ ಇರಲಿ.

ನೀವು ಈಗಾಗಲೇ ಗೆಳೆಯರೊಬ್ಬರೊಂದಿಗೆ ಅರ್ಧ ಪುಸ್ತಕ ಬರೆದಿದ್ದರೆ ತಡವಾಯಿತೆಂದು ಬಿಡಬೇಡಿ. ಈ ವಾರ ಇಬ್ಬರೂ ಕೂತು, ಇಲ್ಲಿಯವರೆಗೆ ಯಾವ ಅಧ್ಯಾಯ ಯಾರು ಬರೆದರು, ಯಾರು ತಿದ್ದಿದರು, ಯಾರು ಎಷ್ಟು ಖರ್ಚು ಮಾಡಿದರು ಎಂಬ ಪಟ್ಟಿ ಮಾಡಿ ಸಹಿ ಹಾಕಿ. ಪ್ರಕಾಶಕರ ಒಪ್ಪಂದಕ್ಕೆ ಸಹಿ ಬೀಳುವ ಮೊದಲು ಉಳಿದ ಕಲಮುಗಳನ್ನು ಅದಕ್ಕೆ ಸೇರಿಸಿಕೊಳ್ಳಿ.